ಬಲಗಡೆಯ ಕೆಳಗಿನ ಮೂಲೆ

ಜನವರಿ 7, ಭಾನುವಾರ. ಮುಲುಂಡ್

ನೀಲಿ ಬಣ್ಣದ ವಿಷಯದಲ್ಲಿ ನನ್ನನ್ನು ಮೀರಿಸುವವನು ಇಡೀ ಮಹಾರಾಷ್ಟ್ರದಲ್ಲಿ ಹುಟ್ಟಿಲ್ಲ. ಹೋದ ಸಲ ಬಂದಾಗ ದಾದರ್ ಚೌಪಾಟಿಯಲ್ಲಿ ನಿಂತು ಅರಬ್ಬಿ ಸಮುದ್ರವನ್ನು ಅರ್ಧ ತಾಸು ದಿಟ್ಟಿಸಿ ನೋಡಿದ್ದೆ. ನಾನು ತಿರುಗಿ ಹೊರಡುವಷ್ಟರಲ್ಲಿ ಅದು ನಾಚಿಕೊಂಡು ಎರಡು ಛಾಯೆ ತಿಳಿಯಾಯಿತು. ಭೇಲ್ ಮಾರುವವನು ಸಾಕ್ಷಿ.

ಮುಂದೆ ಯಾರಾದರೂ ನನ್ನ ಜೀವನಚರಿತ್ರೆ ಬರೆಯಲು ಕೂತರೆ ತೊಂದರೆಯಾಗಬಾರದು, ಅದಕ್ಕೆ ವಿವರವಾಗಿ ಬರೆದಿಡುತ್ತೇನೆ. ಗುರುಬಸವ ಎಂಬ ನಾನು ಮಹಾರಾಷ್ಟ್ರದ ಗಡಿಭಾಗದ ಜತ್ತ ತಾಲೂಕಿನ ನಮ್ಮೂರ ಕನ್ನಡ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಓದಿದ್ದೂ ಅದೇ ಶಾಲೆಯಲ್ಲಿ. ಈ ವರ್ಷದ ರಾಜ್ಯಮಟ್ಟದ ಶಾಲಾ ಚಿತ್ರಪ್ರದರ್ಶನಕ್ಕೆ ಒಂದು ಶಾಲೆಯಿಂದ ಒಂದೇ ಚಿತ್ರ. ಶುಕ್ರವಾರ ಸಂಜೆ ಐದರೊಳಗೆ ದಾದರಿನ ಕಚೇರಿಗೆ ಮುಟ್ಟಿಸಬೇಕು. ಪ್ರತಿ ವರ್ಷ ಪೋಸ್ಟಿನಲ್ಲಿ ಕಳಿಸುತ್ತಿದ್ದೆ. ಈ ಸಲ ನಾನೇ ಬಂದೆ. ಮಿರಜದಲ್ಲಿ ಗಾಡಿ ಹತ್ತಿ, ಕಲ್ಯಾಣದಲ್ಲಿ ಇಳಿದು, ಲೋಕಲ್‌ನಲ್ಲಿ ಮುಲುಂಡಿನ ಅಕ್ಕನ ಮನೆ ಸೇರಿದೆ. ಚಿತ್ರ ಸುರುಳಿ ಸುತ್ತಬಾರದೆಂಬ ನಿಯಮವಿದೆ. ಎರಡು ಪ್ಲೈವುಡ್ ಹಲಗೆಗಳ ನಡುವೆ ಇಟ್ಟು, ಹುರಿ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಹಲಗೆಯ ನಡುವೆ ಚಿತ್ರಗಳು ಎರಡಿವೆ. ಇದು ನನ್ನ ಮತ್ತು ಈ ಪುಸ್ತಕದ ನಡುವಿನ ಮಾತು. ಆರಿಸಿದ್ದು ನಿಮ್ಮ ಮಗುವಿನದೇ ಎಂದು ಎರಡೂ ಮನೆಗಳಲ್ಲಿ ಹೇಳಿಬಿಟ್ಟಿದ್ದೇನೆ. ಹೆಡ್‌ಮಾಸ್ತರರು ಪ್ರಮಾಣಪತ್ರದಲ್ಲಿ ವಿದ್ಯಾರ್ಥಿಯ ಹೆಸರಿನ ಜಾಗ ಖಾಲಿ ಬಿಟ್ಟು ಸಹಿ, ಶಿಕ್ಕಾ ಹಾಕಿಕೊಟ್ಟಿದ್ದಾರೆ. ನನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ.

ಒಂದು ಒಂಬತ್ತನೆಯ ಇಯತ್ತೆಯ ಅನಿಲನದು. ಸಂಜೆ ಹೊತ್ತು ಮನೆಗೆ ಮರಳುವ ಕುರಿಹಿಂಡು. ಆಕಾಶ ನೋಡಿದರೆ ಎದ್ದು ನಿಂತು ಕೈ ಮುಗಿಯಬೇಕು. ಅದನ್ನು ನಾನೇ ಹಾಕಿಕೊಟ್ಟದ್ದು. ಅಷ್ಟು ದೊಡ್ಡ ಜಾಗಕ್ಕೆ ಒಂದೇ ಉಸಿರಿನಲ್ಲಿ ನೀರುಬಣ್ಣ ಎಳೆಯಲು ಹುಡುಗನಿಗೆ ಇನ್ನೂ ಕೈ ಕೂತಿಲ್ಲ. ಗುರು ಎಂದ ಮೇಲೆ ಅಷ್ಟು ಮಾಡಲೇಬೇಕು.

ಇನ್ನೊಂದು ಏಳನೆಯ ಇಯತ್ತೆಯ ಶೈಲಾಳದು, ಹೆಸರು 'ಅವ್ವ'. ಉದ್ದ ಕಾಗದದ ತುಂಬ ಒಂದು ಮುಖ. ಆದರೆ ಹಣೆ ಅರ್ಧಕ್ಕೆ ಕತ್ತರಿಸಿದಂತಿದೆ, ಗದ್ದ ದೊಡ್ಡದು, ಮೇಲೊಂದು ಫ್ಯಾನು ವಾರೆಯಾಗಿ ತೂಗುತ್ತದೆ. ಪ್ರಮಾಣದ ಲೆಕ್ಕವೇ ಇಲ್ಲ. ಬಲಗಡೆಯ ಕೆಳಗಿನ ಮೂಲೆಯಲ್ಲಿ ಕಂದು ಬಣ್ಣದ ಒಂದು ಮುದ್ದೆ, ಅದರ ತುದಿಯಲ್ಲಿ ಕಪ್ಪು ಕಲೆ. ಕುಂಚ ಜಾರಿ ಬಿದ್ದಿರಬೇಕು. ನಾನು ಬಿಳಿ ಪೋಸ್ಟರ್ ಬಣ್ಣ ಬೆರೆಸಿ ಅದರ ಮೇಲೊಂದು ಹೂಕುಂಡ ಮಾಡಿ, ನಾಲ್ಕು ದಾಸವಾಳ ಅರಳಿಸಿಕೊಟ್ಟೆ. ಹುಡುಗಿ ಮಾತಾಡದೆ ನೋಡುತ್ತ ನಿಂತಿದ್ದಳು. ಸಂತೋಷಕ್ಕೆ ಮಾತು ಹೊರಡಲಿಲ್ಲ, ಪಾಪ.

ಕೊಡುವುದು ಅನಿಲನದನ್ನೇ. ಶೈಲಾಳ ತಾಯಿ ಇಲ್ಲೇ ಮುಲುಂಡಿನ ಕಟ್ಟಡದ ಕೆಲಸದಲ್ಲಿದ್ದಾಳೆ. "ನಮ್ಮವ್ವಗ ಒಮ್ಮೆ ತೋರಿಸ್ರಿ ಸರ್" ಎಂದಿದ್ದಳು ಹುಡುಗಿ. ತೋರಿಸಿ ಮರಳಿ ಒಯ್ಯುತ್ತೇನೆ.

ಜನವರಿ 8, ಸೋಮವಾರ

ಅಕ್ಕನ ಮಗಳು ಪ್ರಣೀತಾ ಕಾಲೇಜಿನಿಂದ ಬಂದವಳು ಹಲಗೆ ಬಿಚ್ಚಿಸಿದಳು. ಎರಡನ್ನೂ ಮಂಚದ ಮೇಲೆ ಹರವಿಟ್ಟು ಒಮ್ಮೆ ಈ ತುದಿಗೆ, ಒಮ್ಮೆ ಆ ತುದಿಗೆ ಹೋಗಿ ನಿಂತಳು.

"ಮಾಮಾ, ಯೆ ವಾಲಾ ಯಾರದು?"

"ಅನಿಲ ಅಂತ. ನನ್ನ ಶಿಷ್ಯ."

"ಔರ್ ಯೆ?"

"ಶೈಲಾ. ಅಕಿನೂ ನನ್ನ ಶಿಷ್ಯೆ."

"ತೋ ಎರಡೂ ಒಬ್ಬರೇ ಮಾಡಿದ ಹಾಗೆ ಯಾಕೆ ಅದ? ಈ ಸ್ಕೈ ಮತ್ತ ಈ ಫ್ಲವರ್ ಪಾಟ್, ಬ್ರಶ್ ಸೇಮ್ ಅದ ನೋಡು."

ಹುಡುಗಿಗೆ ಕಣ್ಣಿದೆ. ನಮ್ಮ ವಂಶದ್ದು. ಒಬ್ಬ ಗುರುವಿನ ಕೈಯಲ್ಲಿ ಪಳಗಿದ ಮಕ್ಕಳು ಹಾಗೇ ಇರುತ್ತಾರೆ ಎಂದೆ. ಅವಳು ನಕ್ಕಳು. ಒಲೆಯ ಮುಂದಿನಿಂದ ಅಕ್ಕ ಹೇಳಿದಳು: "ಸಣ್ಣವ ಇದ್ದಾಗ ನನ್ನ ರಂಗೋಲೀನೂ ಬಿಡ್ತಿದ್ದಿಲ್ಲ ಇಂವ. ನಾ ಬಿಡಿಸಿ ಒಳಗ ಹೋಗೂದ ತಡ, ಎಳಿ ತಿದ್ದಿ ಇಡ್ತಿದ್ದ."

"ತಿದ್ದಿದ್ದಕ್ಕ ಚಂದ ಕಾಣ್ತಿತ್ತು."

"ಚಂದ ಕಾಣ್ತಿತ್ತು ಖರೆ. ನನ್ನ ರಂಗೋಲಿ ಎಲ್ಲಿ ಉಳೀತು ಅದರಾಗ?"

ಹೆಂಗಸರ ಮಾತು. ರೊಟ್ಟಿ ಚೆನ್ನಾಗಿತ್ತು, ಐದು ತಿಂದೆ.

ಜನವರಿ 9, ಮಂಗಳವಾರ

ಕೊಡುವ ಮೊದಲು ಜಾಗ ನೋಡಿ ಬರೋಣವೆಂದು ಹಲಗೆ ಸಮೇತ ದಾದರಿಗೆ ಹೋದೆ. ಹಳೆಯ ಕಟ್ಟಡದ ಎರಡನೆಯ ಮಹಡಿ. ಮೇಜಿನ ಹಿಂದೆ ಒಬ್ಬ ಹೆಂಗಸು ಚಿತ್ರಗಳ ಬೆನ್ನಿಗೆ ನಂಬರ್ ಬರೆಯುತ್ತಿದ್ದಳು. ಮುಂಭಾಗದಲ್ಲಿ ಹೆಸರಾಗಲಿ ಊರಾಗಲಿ ಇರಕೂಡದು. ಎಲ್ಲವೂ ಹಿಂದೆ ಅಂಟಿಸಿದ ಚೀಟಿಯಲ್ಲಿರಬೇಕು, ಆ ಚೀಟಿಯ ಮೇಲೂ ಅವಳು ಖಾಕಿ ಕಾಗದ ಮುಚ್ಚುತ್ತಾಳೆ. ಪರೀಕ್ಷಕರಿಗೆ ಕಾಣುವುದು ನಂಬರ್ ಒಂದೇ. ಗಾಜು, ಚೌಕಟ್ಟು ಹಾಕಿದ್ದನ್ನು ವಾಪಸು ಕಳಿಸುತ್ತಾರೆ.

ಒಳಕೋಣೆಯಲ್ಲಿ ರಟ್ಟು ಕತ್ತರಿಸುತ್ತಿದ್ದವನ ಹೆಸರು ಕೊರಗಪ್ಪ. ಉಡುಪಿ ಕಡೆಯವನು, ಮೂವತ್ತು ವರ್ಷದಿಂದ ಇಲ್ಲಿ ಚಿತ್ರಗಳಿಗೆ ರಟ್ಟಿನ ಮೌಂಟು ಹಾಕುವ ಕೆಲಸ. ಕನ್ನಡ ಕಿವಿಗೆ ಬಿದ್ದದ್ದೇ ಸ್ಟೂಲು ಎಳೆದು ಕೂರಿಸಿದ. ಆಯ್ಕೆ ಹೇಗೆ ಮಾಡುತ್ತಾರೆಂದು ಕೇಳಿದೆ.

"ಮೊದಲು ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹಾಸುವುದು. ಮೂರು ಜನ ಪರೀಕ್ಷಕರು ಚಪ್ಪಲಿ ಬಿಟ್ಟು ನಡುವೆ ನಡೀತಾರೆ. ಮೊದಲನೇ ಸುತ್ತಿನಲ್ಲಿ ಮಾರ್ಕು ಇಲ್ಲ ಮಾಸ್ಟ್ರೆ, ತೆಗೆಯುವುದು ಮಾತ್ರ. ಕ್ಯಾಲೆಂಡರ್ ನೋಡಿ ಮಾಡಿದ್ದು, ಫೋನ್ ನೋಡಿ ನಕಲು ಹೊಡೆದದ್ದು, ಮತ್ತೆ ದೊಡ್ಡವರ ಕೈ ಬಿದ್ದದ್ದು. ಅವರು ಕಾಲ ಬೆರಳಿನಲ್ಲಿ ತೋರಿಸ್ತಾರೆ, ನಾನು ಮಗುಚಿ ಹಾಕ್ತೇನೆ."

"ದೊಡ್ಡವರ ಕೈ ಅಂತ ಹೆಂಗ ಗೊತ್ತಾಗ್ತದ?"

"ಅಯ್ಯೋ, ಅದು ಗೊತ್ತಾಗದೆ ಇರ್ತದಾ? ಮಗುವಿನ ಕುಂಚ ಹುಡುಕಿಕೊಂಡು ಹೋಗ್ತದೆ. ನಮ್ಮದು ಮನೆಗೆ ಬಂದ ಹಾಗೆ ಹೋಗ್ತದೆ. ಅರ್ಧ ಅದು, ಅರ್ಧ ಇದು ಇದ್ರೆ ನನಗೇ ಕಾಣ್ತದೆ, ಅವರಿಗೆ ಕಾಣೂದಿಲ್ವಾ?"

ನನ್ನ ಹಲಗೆ ಬಿಚ್ಚಿ ಅನಿಲನ ಚಿತ್ರ ತೋರಿಸಿದೆ. ತೋರಿಸಬಾರದಿತ್ತು. ಅವನು ಕನ್ನಡಕ ಹಣೆಗೇರಿಸಿಕೊಂಡು ಬಗ್ಗಿದ.

"ಓ, ಇದು ನಿಮ್ಮದಾ! ಈ ಆಕಾಶ ನನಗೆ ಗುರುತುಂಟು ಮಾರಾಯ್ರೆ. ಪ್ರತಿ ವರ್ಷ ಬರ್ತದೆ. ಒಂದು ವರ್ಷ ಕೆಳಗೆ ಎತ್ತು ಇದ್ರೆ ಒಂದು ವರ್ಷ ಬಾವಿ, ಮೇಲೆ ಮಾತ್ರ ಇದೇ ಆಕಾಶ. ನಾನು ಹೆಂಡತಿ ಹತ್ರ ಹೇಳುವುದುಂಟು, ನಮ್ಮ ಆಕಾಶ ಬಂತು ಅಂತ."

ಪರೀಕ್ಷಕರಿಗೆ ನನ್ನ ಮೇಲೆ ಹೊಟ್ಟೆಯುರಿ. ನಂಬರ್ ಬಿಟ್ಟು ಬೇರೇನೂ ಕಾಣದಿದ್ದರೂ ಹೊಟ್ಟೆಯುರಿ ಪಡುವವರಿದ್ದಾರೆ. ಇಂಥ ಆಕಾಶ ಅವರಿಂದ ಆಗುವುದಿಲ್ಲವಲ್ಲ.

ಚಹಾ ಕುಡಿಸಿದ. ರುಚಿ ನೆನಪಿಲ್ಲ.

ಜನವರಿ 10, ಬುಧವಾರ

ಹೊರಗೆ ಹೋಗಲಿಲ್ಲ. ಅನಿಲನ ಆಕಾಶವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಉತ್ತಮವಾಗಿದೆ.

ಶೈಲಾಳದನ್ನು ಕೊಡುವುದೆಂದು ನಿರ್ಧರಿಸಿದೆ. ಅದರಲ್ಲಿ ನನ್ನದೆಂಬುದು ಒಂದು ಕುಂಡ ಮಾತ್ರ. ಒಂದು ಕುಂಡ ಯಾರ ಕಣ್ಣಿಗೆ ಬೀಳುತ್ತದೆ?

ಜನವರಿ 11, ಗುರುವಾರ

ಸಂಜೆ ಶೈಲಾಳ ತಾಯಿ ಕಸ್ತೂರಿಬಾಯಿಯನ್ನು ಹುಡುಕಿಕೊಂಡು ಹೋದೆ. ಇಪ್ಪತ್ತೆರಡು ಮಹಡಿಯ ಬಿಲ್ಡಿಂಗ್ ಏಳುತ್ತಿದೆ, ಅದರ ಹಿಂದೆ ತಗಡಿನ ಖೋಲಿಗಳ ಸಾಲು. ಆಗಷ್ಟೇ ಕೆಲಸ ಬಿಟ್ಟು ಬಂದಿದ್ದಳು, ಮೊಣಕೈವರೆಗೂ ಸಿಮೆಂಟು. ನನ್ನನ್ನು ಕಂಡು ಗಾಬರಿಯಾದಳು.

"ಶೈಲಾಗ ಏನರ ಆತೇನ್ರಿ ಮಾಸ್ತರ?"

"ಏನೂ ಆಗಿಲ್ಲಬೇ. ನಿನ್ನ ಮಗಳ ಚಿತ್ರ ರಾಜ್ಯಮಟ್ಟಕ್ಕ ಹೊಂಟೈತಿ. ನನ್ನ ಕೈಯಾಗ ಕಲಿತವರು ಹಂಗ."

ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮುಟ್ಟಲೋ ಬೇಡವೋ ಎನ್ನುತ್ತ ಹಲಗೆಯ ಮುಂದೆ ಕೂತಳು. ಬಹಳ ಹೊತ್ತು ನೋಡಿದಳು. ಆಮೇಲೆ ನಗು ಬಂತು ಅವಳಿಗೆ.

"ಇದು ನಾನರಿ. ಫೋನ್ದಾಗ ನಾ ಹಿಂಗ ಕಾಣ್ತೀನಿ ಅಂತ ದಿನಾ ಬೈತಾಳ. ಅವ್ವಾ ನಿನ್ನ ಹಣೀನ ಕಾಣವಲ್ತು, ಬರೇ ಗದ್ದ ಕಾಣ್ತೈತಿ, ಬರೇ ಫ್ಯಾನ್ ಕಾಣ್ತೈತಿ ಅಂತಾಳ. ಇದು ಈ ಫ್ಯಾನ್ ನೋಡ್ರಿ." ತಲೆಯೆತ್ತಿ ತೋರಿಸಿದಳು. ತಗಡಿನಿಂದ ವಾರೆಯಾಗಿ ತೂಗುತ್ತಿತ್ತು. ನಾನು ತಪ್ಪೆಂದುಕೊಂಡ ವಾರೆ ಅದೇ.

ಆಮೇಲೆ ಬೆರಳು ಕೆಳಗಿನ ಮೂಲೆಗೆ ಬಂತು.

"ಇದೇನ್ರಿ, ಹೂಕುಂಡ? ನಮ್ಮ ಖೋಲ್ಯಾಗ ಹೂಕುಂಡ ಎಲ್ಲೈತಿ? ನನ್ನ ಹೆಬ್ಬಟ್ಟ ಎಲ್ಲಿ ಹೋತು?"

"ಯಾವ ಹೆಬ್ಬಟ್ಟು?"

ಅವಳು ತನ್ನ ಫೋನು ತೆಗೆದು ಹಿಡಿದು ತೋರಿಸಿದಳು. ಅದನ್ನು ಹಿಡಿಯುವುದೇ ಹಾಗೆ, ಹೆಬ್ಬೆರಳು ಕ್ಯಾಮೆರಾದ ಮೂಲೆಗೆ ಅಡ್ಡ ಬರುತ್ತದೆ. ಉಗುರು ಕಪ್ಪಾಗಿತ್ತು. ದೀಪಾವಳಿ ಹೊತ್ತಿಗೆ ಅದರ ಮೇಲೆ ಇಟ್ಟಂಗಿ ಬಿದ್ದಿತ್ತಂತೆ.

"ಅವ್ವಾ ಹೆಬ್ಬಟ್ಟ ತಗಿ, ಹೆಬ್ಬಟ್ಟ ತಗಿ ಅಂತ ದಿನಾ ಒದರ್ತಾಳ್ರಿ. ಉಗುರು ಕರ್ರಗಾದಾಗ ಅತ್ತಳು. ಈಗ ಮಾತ ಶುರು ಮಾಡೂದ ಹಂಗ, ಮೊದಲ ಹೆಬ್ಬಟ್ಟ ತೋರಿಸು, ಬಣ್ಣ ಇಳೀತೇನು ನೋಡೂಣು ಅಂತಾಳ. ಅದನ್ನ ಬಿಟ್ಟು ಚಿತ್ರ ತಗದಾಳಂದ್ರ..."

ನಾನು ಏನು ಹೇಳಿದೆನೆಂದು ಇಲ್ಲಿ ಬರೆಯಲೇಬೇಕು. "ಅಕಿನ ಕುಂಡ ಹಚ್ಯಾಳ ನೋಡಬೇ. ಚಂದ ಕಾಣ್ಲಿ ಅಂತ" ಎಂದೆ.

ಅವಳು ಆಗಲೇ ಮಗಳಿಗೆ ವಿಡಿಯೋ ಹಚ್ಚಿದ್ದಳು. ಪರದೆಯಲ್ಲಿ ಶೈಲಾ ಬಂದಳು. ನಾನು ಪಕ್ಕದಲ್ಲಿರುವುದು ಅವಳಿಗೆ ಕಂಡಿತು.

"ಶೈಲಾ, ಈ ಹೂಕುಂಡ ನೀ ಹಚ್ಚೀಯೇನು?"

ಹುಡುಗಿ ನನ್ನ ಕಡೆ ನೋಡಿದಳು. ಹನ್ನೆರಡು ವರ್ಷದ ಹುಡುಗಿ. ಅಂದು ಮಾತಾಡದೆ ನಿಂತಿದ್ದಳಲ್ಲ, ಅದೇ ಮುಖ.

"ಹೂಂ ಅವ್ವಾ, ನಾನ ಹಚ್ಚೀನಿ."

ಹಲಗೆ ಕಟ್ಟಿಕೊಂಡು ಬಂದೆ. ಲೋಕಲ್ ಹತ್ತುವ ಅಗತ್ಯವಿರಲಿಲ್ಲ, ಅಕ್ಕನ ಮನೆ ನಡೆಯುವಷ್ಟೇ ದೂರ. ಆದರೂ ಸ್ಟೇಶನ್‌ನಲ್ಲಿ ಹೋಗಿ ಕೂತಿದ್ದೆ.

ಜನವರಿ 12, ಶುಕ್ರವಾರ

ಬೆಳಗ್ಗೆ ಕುಂಡ ತೆಗೆಯಲು ಕೂತೆ. ಒದ್ದೆ ಕುಂಚದಿಂದ ನೆನೆಸಿ, ಅರಳೆಯಿಂದ ಒತ್ತಿ ಒತ್ತಿ ಎತ್ತುವುದು. ದಾಸವಾಳ ಎರಡು ಹೋದವು. ಆದರೆ ಪೋಸ್ಟರ್ ಬಣ್ಣದಲ್ಲಿ ಬಿಳಿ ಬೆರೆತರೆ ಅದು ಸುಣ್ಣದ ಹಾಗೆ ಕಾಗದಕ್ಕೆ ಕೂತುಬಿಡುತ್ತದೆ. ಎತ್ತಿದರೆ ಕೆಳಗಿನ ನೀರುಬಣ್ಣವನ್ನೂ ಹಿಡಿದುಕೊಂಡೇ ಏಳುತ್ತದೆ. ಕಾಗದದ ನಾರು ಎದ್ದಿತು. ಒಂದು ಕಡೆ ಕಪ್ಪು ಉಗುರು ಕಾಣಿಸಿತು, ಬರೀ ಉಗುರು. ಅಲ್ಲಿಗೆ ಕುಂಚ ಕೆಳಗಿಟ್ಟೆ. ಇನ್ನೊಂದು ಸಲ ನೀರು ತಾಗಿದ್ದರೆ ಅದೂ ಹೋಗುತ್ತಿತ್ತು.

ಪ್ರಣೀತಾ ಕಾಲೇಜಿಗೆ ಹೊರಟವಳು ಬಾಗಿಲಲ್ಲಿ ನಿಂತು ನೋಡಿದಳು. "ಮಾಮಾ, ಏನ್ ಮಾಡ್ಲಿಕತ್ತೀ?" ಎಂದಳು. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು ಹೋದಳು.

ಮೂರು ಗಂಟೆಗೆ ದಾದರಿನಲ್ಲಿದ್ದೆ. ಪ್ರಮಾಣಪತ್ರದಲ್ಲಿ ಮರಾಠಿಯಲ್ಲಿ ಹೀಗಿದೆ: ಈ ಚಿತ್ರವನ್ನು ಸದರಿ ವಿದ್ಯಾರ್ಥಿಯು ಬೇರೆ ಯಾರ ಕೈಯ ಸಹಾಯವೂ ಇಲ್ಲದೆ ಸ್ವತಃ ಮಾಡಿದ್ದಾನೆ/ಳೆ ಎಂದು ಪ್ರಮಾಣೀಕರಿಸುತ್ತೇನೆ. ಕೆಳಗೆ ಕಲಾಶಿಕ್ಷಕನ ಸಹಿ. ಪ್ರತಿ ವರ್ಷ ಹಾಕುತ್ತೇನೆ. ಓದಿದ್ದು ಇದೇ ಮೊದಲು.

ಕೊರಗಪ್ಪನನ್ನು ಹೊರಗೆ ಕರೆದು ನಡೆದದ್ದನ್ನೆಲ್ಲ ಹೇಳಿದೆ. ಅವನು ನಗಲಿಲ್ಲ. ಅಳತೆಪಟ್ಟಿ ತಂದು ಇಟ್ಟು ನೋಡಿದ.

"ನೋಡಿ ಮಾಸ್ಟ್ರೆ, ಕಾಗದದ ಅಳತೆ ಹಾಫ್ ಇಂಪೀರಿಯಲ್‌ಗಿಂತ ದೊಡ್ಡದು ಬೇಡ, ಕ್ವಾರ್ಟರ್‌ಗಿಂತ ಚಿಕ್ಕದು ಬೇಡ ಅಂತ ಅಷ್ಟೇ ನಿಯಮ. ಕೆಳಗಿಂದ ನಾಲ್ಕು ಇಂಚು ಕತ್ತರಿಸಿಬಿಡುವ. ನಿಮ್ಮ ಕುಂಡವೇ ಹೋಯ್ತು. ಉಳಿದದ್ದು ಪೂರ್ತಿ ಮಗುವಿನದು. ಧೈರ್ಯವಾಗಿ ಸಹಿ ಹಾಕಿ. ಮತ್ತೆ, ಒಂದು ಮಾತು ಹೇಳ್ತೇನೆ, ಈ ಮುಖ ನೆಲದ ಮೇಲೆ ಇಟ್ರೆ ಮೂರೂ ಜನ ನಿಲ್ತಾರೆ."

ಪಟ್ಟಿ ಇಟ್ಟು ಬ್ಲೇಡು ನನ್ನ ಕೈಗೆ ಕೊಟ್ಟ. ನಾಲ್ಕು ಇಂಚು, ಒಂದೇ ಎಳೆತ. ಬ್ಲೇಡಿನ ತುದಿಯ ಹತ್ತಿರ ಆ ಉಗುರು ಇತ್ತು.

ಹೆಡ್‌ಮಾಸ್ತರರಿಗೆ ಫೋನು ಮಾಡಿ ಶೈಲಾಳನ್ನು ಕರೆಸಿದೆ. ವರ್ಗದಿಂದ ಅವಳು ಬರುವವರೆಗೆ ಅಲ್ಲಿಯ ಗಂಟೆ, ಮಕ್ಕಳ ಗದ್ದಲ ಎಲ್ಲ ಕೇಳಿಸುತ್ತಿತ್ತು.

"ಶೈಲಾ, ಕೆಳಗಿನ ಪಟ್ಟಿ ಕತ್ತರಿಸಿದ್ರ ಚಿತ್ರ ಪ್ರದರ್ಶನಕ್ಕ ತೊಗೋತಾರ. ಕತ್ತರಿಸ್ಲ್ಯಾ?"

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ನನ್ನ ಕೇಳಾಕತ್ತೀರೇನ್ರಿ ಸರ್?"

"ಹೂಂ. ನಿನ್ನನ್ನ."

"ಹೆಬ್ಬಟ್ಟ ಪೂರಾ ಹೋಕ್ಕೈತೇನ್ರಿ?"

"ಈಗ ಉಗುರಷ್ಟ ಉಳದೈತಿ. ಕತ್ತರಿಸಿದ್ರ ಅದೂ ಹೋಕ್ಕೈತಿ."

"ಹಂಗಾರ ಬ್ಯಾಡ್ರಿ. ಅದಿಲ್ಲಂದ್ರ ಅವ್ವ ಫೋನ್ ಹಿಡದಂಗ ಆಗಂಗಿಲ್ಲರಿ. ಅವ್ವಗ ಕೊಟ್ಟ ಬಿಡ್ರಿ."

"ಪ್ರದರ್ಶನಕ್ಕ ಹೋಗಂಗಿಲ್ಲ ನೋಡು ಮತ್ತ."

"ಹೂನ್ರಿ." ಆಮೇಲೆ, "ಸರ್, ನಿನ್ನೆ ನಾ ಸುಳ್ಳ ಹೇಳಿದ್ದು ಅವ್ವಗ ಹೇಳಬ್ಯಾಡ್ರಿ."

ಬ್ಲೇಡು ಕೊರಗಪ್ಪನಿಗೆ ಮರಳಿ ಕೊಟ್ಟೆ.

ಮೇಜಿನ ಹಿಂದಿನ ಹೆಂಗಸಿಗೆ ಹಲಗೆಯೊಳಗಿನ ಇನ್ನೊಂದು ಚಿತ್ರ ಕಂಡಿತ್ತು. ಅದನ್ನಾದರೂ ಕೊಡಿ ಮಾಸ್ತರ, ನಂಬರ್ ಹಾಕುತ್ತೇನೆ, ಇನ್ನೂ ಇಪ್ಪತ್ತು ನಿಮಿಷವಿದೆ ಎಂದಳು. ಪೆನ್ನಿನ ಮುಚ್ಚಳ ತೆಗೆದೆ. ಅನಿಲನ ಕುರಿಗಳು ಒಳ್ಳೆಯವು. ಒಂದು ಕುರಿ ಮಾತ್ರ ಹಿಂಡು ಬಿಟ್ಟು ನಮ್ಮ ಕಡೆ ನೋಡುತ್ತದೆ. ಅದು ಅವನದೇ, ನಾನು ಮುಟ್ಟಿಲ್ಲ. ಇವತ್ತು ಮೊದಲ ಬಾರಿ ಸರಿಯಾಗಿ ನೋಡಿದೆ. ಅದರ ಮೇಲೆ ಕಾಗದದ ಅರ್ಧಕ್ಕೂ ಹೆಚ್ಚು ಆಕಾಶ.

ಪ್ರಮಾಣಪತ್ರದ ಮೇಲೆ ಅಡ್ಡಲಾಗಿ 'ಈ ವರ್ಷ ನಮ್ಮ ಶಾಲೆಯಿಂದ ಚಿತ್ರವಿಲ್ಲ' ಎಂದು ಬರೆದು, ಸಹಿ ಹಾಕಿ, ಕೊಟ್ಟು ಬಂದೆ.

ಜನವರಿ 13, ಶನಿವಾರ

ಕಸ್ತೂರಿಬಾಯಿಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಚಿತ್ರ ಮುಟ್ಟಿಸಿದೆ. ಕುಂಡ ನನ್ನದು ಎಂದೆ. ನಿನ್ನೆ ತೆಗೆಯಲು ಹೋಗಿ ಇನ್ನಷ್ಟು ಕೆಡಿಸಿದ್ದೂ ನಾನೇ ಎಂದೆ. ಮಗಳ ಸುಳ್ಳಿನ ಮಾತು ಎತ್ತಲಿಲ್ಲ.

"ಗೊತ್ತಿತ್ರಿ" ಎಂದಳು. "ನನ್ನ ಮಗಳಿಗೆ ಅಷ್ಟು ಚಂದ ಹೂ ಬಿಡಸಾಕ ಬರಂಗಿಲ್ಲ. ಅಕಿ ನಿಮ್ಮ ಮಾರಿ ನೋಡಿ ಮಾತಾಡಿದಳು, ನಾ ಅಕಿ ಮಾರಿ ನೋಡೇನಲ್ಲ." ಚಿತ್ರವನ್ನು ಟ್ರಂಕಿನ ಮೇಲೆ ಗೋಡೆಗೆ ಆನಿಸಿಟ್ಟಳು. ಎದ್ದ ನಾರಿನ ನಡುವೆ ಉಗುರು ಹುಡುಕಿ, ತನ್ನ ಹೆಬ್ಬೆರಳನ್ನು ಅದರ ಪಕ್ಕ ಹಿಡಿದು ನೋಡಿದಳು. "ಈಗ ಇಳ್ಯಾಕತ್ತೈತ್ರಿ ಬಣ್ಣ" ಎಂದಳು. ನನ್ನ ಮುಂದೆ ಒಂದು ರೊಟ್ಟಿ ಇಟ್ಟಳು. ತಿಂದೆ.

ಮನೆಗೆ ಬಂದಾಗ ಅಕ್ಕ ಕೇಳಿದಳು. ನಮ್ಮ ಶಾಲೆಯದು ಈ ಸಲ ಹೋಗಲಿಲ್ಲ ಎಂದೆ. "ಒಂದು ಚಿತ್ರ ಹೋಗದಿದ್ರ ಏನ ಮುಳುಗತೈತಿ ಬಿಡೋ" ಎಂದಳು. ಒಂದು ಚಿತ್ರ ಅಷ್ಟೇ ಅಲ್ಲವೇ ಎಂದು ನಾನೂ ಅಂದೆ. ಸೋಮವಾರ ಅನಿಲನ ಮನೆಗೆ ಹೋಗಿ ಹೇಳಬೇಕು, ಅದಕ್ಕೆ ಇನ್ನೂ ಮಾತು ಸಿಕ್ಕಿಲ್ಲ. ಅವನ ಕುರಿಯ ವಿಷಯವನ್ನು ಅವನಿಗೆ ಹೇಳುತ್ತೇನೆ.

ಆಮೇಲೆ ಸುಮ್ಮನೆ ಈ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರು ಬರೆಯುತ್ತ ಕೂತೆ. ನಾನು ನೌಕರಿಗೆ ಸೇರಿದಾಗಿನಿಂದ ದಾದರಿಗೆ ಹೋದ ಚಿತ್ರಗಳು ಯಾರವು, ಅವುಗಳಲ್ಲಿ ನಾನು ಕೈ ಹಾಕಿದ್ದು ಎಲ್ಲಿ. ನಾಲ್ಕೈದು ಇರಬಹುದು ಅಂದುಕೊಂಡಿದ್ದೆ. ಶೆಟ್ಟೆಪ್ಪ, ಎತ್ತಿಗೆ ಐದು ಕಾಲು ಬಿಡಿಸಿದ್ದ. ಓಡುವ ಎತ್ತು ಸರ್ ಎಂದಿದ್ದ, ಒಂದು ಕಾಲು ಅಳಿಸಿದೆ. ಶಿವಕುಮಾರಿಯ ಬಾವಿಯೊಳಗೆ ಕೆಂಪು ನೀರಿತ್ತು. ಯಾಕೆಂದು ಕೇಳಲೇ ಇಲ್ಲ, ಮುಚ್ಚಿದೆ. ಸಾಯಬಣ್ಣನ ಅಜ್ಜ ಬೆನ್ನು ತಿರುಗಿಸಿ ಕೂತಿದ್ದ. ಮುಖವಿಲ್ಲದ ಚಿತ್ರ ಏನು ಚಿತ್ರ ಎಂದು ಅವನನ್ನು ಈ ಕಡೆ ತಿರುಗಿಸಿದೆ. ಆ ಮುಖ ಯಾರದು, ನನಗೂ ತಿಳಿಯದು, ನಾನು ಅವನ ಅಜ್ಜನನ್ನು ನೋಡಿಯೇ ಇರಲಿಲ್ಲ. ಹಾಳೆ ತುಂಬಿತು, ಮಗುಚಿದೆ.

ಅಕ್ಕನಿಗೆ ಹೇಳಿದ್ದು ಒಂದು ಚಿತ್ರ. ನಿಜವಾಗಿ ನನ್ನ ಕೈ ಬಿದ್ದು ಹೋದದ್ದು, ಈ ವರ್ಷದ ಎರಡೂ ಸೇರಿ, ಹತ್ತೊಂಬತ್ತು.